ಮೂರೂವರೆ ಪುಟದ ಕೃತಜ್ಞತೆ ಒಂದೂವರೆ ಪುಟವಾದದ್ದು

ನನ್ನ ಪಿಎಚ್.ಡಿ. ಮಹಾಪ್ರಬಂಧದ ವಿಷಯ ಬೀಸುವ ಪದಗಳು. ಐದು ವರ್ಷ ಊರೂರು ಸುತ್ತಿ ಹಾಡು ಸಂಗ್ರಹಿಸಿ, ಆರು ಅಧ್ಯಾಯ ಬರೆದು ಮುಗಿಸಿದ ಮೇಲೆ ಉಳಿದದ್ದು ಕೃತಜ್ಞತೆಯ ಭಾಗ ಒಂದೇ. ಅದೇನು ಮಹಾ ಎಂದುಕೊಂಡು ಒಂದೇ ರಾತ್ರಿ ಕುಳಿತು ಮೂರೂವರೆ ಪುಟ ಬರೆದೆ. ಮಾದರಿಗೆಂದು ವಿಭಾಗದ ಗ್ರಂಥಾಲಯದಿಂದ ನಾಲ್ಕು ಹಳೆಯ ಪ್ರಬಂಧಗಳನ್ನು ತಂದಿಟ್ಟುಕೊಂಡಿದ್ದೆ. ನಾಲ್ಕರಲ್ಲೂ ಧಾಟಿ ಒಂದೇ ಆಗಿದ್ದರಿಂದ ಕೆಲಸ ಸಲೀಸಾಯಿತು.

ಎರಡು ದಿನದ ನಂತರ ಮಾರ್ಗದರ್ಶಕರು ಹಾಳೆಗಳನ್ನು ಹಿಂತಿರುಗಿಸಿದರು. ಒಂದು ಕಾಗುಣಿತವನ್ನೂ ತಿದ್ದಿರಲಿಲ್ಲ. ಹನ್ನೊಂದು ಹೆಸರುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ‘ಏನು ಮಾಡಿದರು?’ ಎಂದು ಬರೆದಿದ್ದರು. ಆ ಹನ್ನೊಂದರಲ್ಲಿ ಅವರದೇ ಹೆಸರೂ ಇತ್ತು. ಅವರ ಬಗ್ಗೆ ನಾನು ಬರೆದಿದ್ದ ವಾಕ್ಯ ಇದು: ‘ಜ್ಞಾನಸಾಗರರೂ ಮಾತೃಹೃದಯಿಗಳೂ ಆದ ನನ್ನ ಪರಮಪೂಜ್ಯ ಮಾರ್ಗದರ್ಶಕರಿಗೆ ಅನಂತಾನಂತ ಪ್ರಣಾಮಗಳು.’

“ಇದನ್ನು ಯಾರ ಪ್ರಬಂಧದಲ್ಲಿ ಬೇಕಾದರೂ ಅಂಟಿಸಬಹುದಲ್ಲಮ್ಮ” ಎಂದರು ಮೇಡಂ. “ನನ್ನ ಜೊತೆ ಐದು ವರ್ಷ ಜಗಳವಾಡಿದವಳು ಬರೆದದ್ದು ಎಂದು ಇದರಲ್ಲಿ ಎಲ್ಲಿ ಗೊತ್ತಾಗುತ್ತದೆ?”

ಮನೆಗೆ ಬಂದು ಒಂದು ಹಾಳೆಯಲ್ಲಿ ಗೆರೆ ಎಳೆದು, ಎಡಕ್ಕೆ ಹೆಸರು, ಬಲಕ್ಕೆ ಅವರು ಮಾಡಿದ ಕೆಲಸ ಎಂದು ಬರೆಯುತ್ತಾ ಹೋದೆ. ಕೆಲವರ ಬಲಭಾಗ ಖಾಲಿಯೇ ಉಳಿಯಿತು. ವಿಭಾಗದ ಎಲ್ಲ ಪ್ರಾಧ್ಯಾಪಕರನ್ನೂ ಹೆಸರು ಹಿಡಿದು ಸ್ಮರಿಸಿದ್ದೆ. ಅವರಲ್ಲಿ ಇಬ್ಬರು ಮಾತ್ರ ನನ್ನ ಬರಹ ಓದಿದ್ದರು. ಉಳಿದವರನ್ನು ‘ವಿಭಾಗದ ಅಧ್ಯಾಪಕರು’ ಎಂಬ ಒಂದು ಪದಪುಂಜಕ್ಕೆ ಸೇರಿಸಿದೆ. ಬಿಟ್ಟರೆ ಬೇಸರವಾದೀತು ಎಂಬ ಭಯ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಒಬ್ಬರನ್ನೂ ಬಿಟ್ಟಂತಾಗದ, ಯಾರನ್ನೂ ಸುಳ್ಳೇ ಹೊಗಳದ ದಾರಿ ಇದೊಂದೇ ಕಂಡಿತು.

ಬಲಭಾಗ ತುಂಬಿದವರ ವಾಕ್ಯಗಳು ತಾವಾಗಿ ಬದಲಾದವು. ಮಾರ್ಗದರ್ಶಕರದು ಹೀಗಾಯಿತು: ‘ಮೂರನೆಯ ಅಧ್ಯಾಯದ ವರ್ಗೀಕರಣವನ್ನು ಎರಡು ಸಲ ಒಪ್ಪದೆ, ಹಾಡುಗಾರ್ತಿಯರೇ ತಮ್ಮ ಪದಗಳನ್ನು ಹೇಗೆ ವಿಂಗಡಿಸಿಕೊಳ್ಳುತ್ತಾರೆ ಎಂದು ಮತ್ತೆ ಕೇಳಿ ಬರಲು ಕಳುಹಿಸಿದ ನನ್ನ ಮಾರ್ಗದರ್ಶಕರಿಗೆ ಕೃತಜ್ಞಳಾಗಿದ್ದೇನೆ.’ ಇದರಲ್ಲಿ ವಿಶೇಷಣವೇ ಇಲ್ಲ. ಆದರೆ ನನಗೆ ಆಗ ಬಂದಿದ್ದ ಸಿಟ್ಟೂ ಈಗಿರುವ ಗೌರವವೂ ಎರಡೂ ಇವೆ. ಹೆಸರಿನ ಹಿಂದೆ ‘ಪ್ರೊ.’ ಮಾತ್ರ ಉಳಿಯಿತು, ‘ಪರಮಪೂಜ್ಯ’ ಹೋಯಿತು. ಔಪಚಾರಿಕತೆಗೆ ಸರಿಯಾದ ಪದವಿ, ಸರಿಯಾದ ಹೆಸರು, ಬಹುವಚನ ಇಷ್ಟು ಸಾಕು ಎಂದು ನನಗೆ ಅನ್ನಿಸಿದ್ದು ಆಗಲೇ.

ಆಮೇಲೆ ಕೃತಜ್ಞತೆ ಹೇಳುವ ಪದಗಳನ್ನು ಎಣಿಸಿದೆ. ಒಂಬತ್ತು ಜನರಿಗೆ ‘ಹೃತ್ಪೂರ್ವಕ’, ಆರು ಜನರಿಗೆ ‘ಚಿರಋಣಿ’. ಶುಲ್ಕದ ರಸೀದಿ ಕೊಟ್ಟ ಗುಮಾಸ್ತರಿಗೂ ನಾನು ಜೀವನಪರ್ಯಂತ ಋಣಿಯಾಗಿದ್ದೆ! ಮಾತಿಗೆ ಬೆಲೆ ಉಳಿಯಬೇಕಾದರೆ ದರ್ಜೆ ಬೇಕು. ಹಾಗಾಗಿ ಸಂಸ್ಥೆಗಳಿಗೆ, ಕಚೇರಿಯವರಿಗೆ ‘ವಂದನೆಗಳು’, ಬರಹಕ್ಕೆ ನೆರವಾದವರಿಗೆ ‘ಕೃತಜ್ಞತೆ’, ತೀರಿಕೊಂಡ ಇಬ್ಬರು ಹಾಡುಗಾರ್ತಿಯರಿಗೆ ‘ನೆನೆಯುತ್ತೇನೆ’ ಎಂದು ಗೊತ್ತುಮಾಡಿಕೊಂಡೆ. ‘ಋಣಿ’ ಎಂಬುದನ್ನು ಒಂದೇ ಕಡೆಗೆಂದು ಎತ್ತಿಟ್ಟೆ. ಅದು ಎಲ್ಲಿಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ತೊಡಕಾದದ್ದು ನನ್ನ ಮೊದಲ ಮಾರ್ಗದರ್ಶಕರ ವಿಷಯ. ಒಂದೂವರೆ ವರ್ಷ ನನ್ನ ಒಂದು ಪುಟವನ್ನೂ ಓದದೆ ಅವರು ಬೇರೆ ಊರಿಗೆ ಹೋಗಿಬಿಟ್ಟಿದ್ದರು. ಮೊದಲ ಕರಡಿನಲ್ಲಿ ‘ತಮ್ಮ ಬಿಡುವಿಲ್ಲದ ಕೆಲಸಗಳ ನಡುವೆಯೂ’ ಎಂದು ಅವರಿಗೊಂದು ಚುಚ್ಚು ಇಟ್ಟಿದ್ದೆ. ಬರೆಯುವಾಗ ಹಿತವಾಗಿತ್ತು. ಮರುದಿನ ಓದಿದಾಗ ಒಳಗಿನ ಕಥೆ ಗೊತ್ತಿಲ್ಲದವರಿಗೆ ಅದು ಹೊಗಳಿಕೆಯಾಗಿಯೂ, ಗೊತ್ತಿದ್ದವರಿಗೆ ಸಣ್ಣತನವಾಗಿಯೂ ಕಾಣುತ್ತದೆ ಎನ್ನಿಸಿತು. ಪೂರ್ತಿ ಬಿಟ್ಟುಬಿಡು ಎಂದು ಗೆಳತಿ ಹೇಳಿದಳು. ಆದರೆ ನೋಂದಣಿಯ ಕಾಗದಪತ್ರಗಳಲ್ಲಿ ಅವರ ಹೆಸರಿದೆ, ಬಿಟ್ಟರೆ ಅದೂ ಒಂದು ಮಾತೇ ಆಗುತ್ತದೆ. ಕೊನೆಗೆ ‘ವಿಷಯದ ಆಯ್ಕೆಯ ಹಂತದಲ್ಲಿ ಮಾರ್ಗದರ್ಶನ ಮಾಡಿದ’ ಎಂದು ಬರೆದೆ. ವಿಷಯವನ್ನು ಸೂಚಿಸಿದ್ದು ನಿಜವಾಗಿಯೂ ಅವರೇ.

ಈ ತಿದ್ದುವಿಕೆಗೆ ಹಿಡಿದ ಮೂರು ವಾರದಲ್ಲಿ ಎರಡು ವಾರ ತಿಂದದ್ದು ಹಾಡುಗಾರ್ತಿಯರ ಪ್ಯಾರಾ. ಇಪ್ಪತ್ತಮೂರು ಜನ. ‘ಮುಗ್ಧ ಹಳ್ಳಿಯ ತಾಯಂದಿರು’ ಎಂದು ಬರೆದಿದ್ದೆ. ಅವರಲ್ಲಿ ಒಬ್ಬರು ನಾನು ತಪ್ಪಾಗಿ ಬರೆದುಕೊಂಡ ತ್ರಿಪದಿಯ ಎರಡನೆಯ ಸಾಲನ್ನು ಮೂರು ಸಲ ಹಾಡಿ ತಿದ್ದಿಸಿದವರು. ಅವರನ್ನು ಮುಗ್ಧರು ಎನ್ನುವ ಹಕ್ಕು ನನಗೆಲ್ಲಿದೆ? ಆ ಪದ ಹೊಡೆದು, ಒಬ್ಬರನ್ನುಳಿದು ಪ್ರತಿಯೊಬ್ಬರ ಹೆಸರನ್ನೂ ಊರಿನೊಂದಿಗೆ ಅಕಾರಾದಿಯಾಗಿ ಕೊಟ್ಟೆ. ಅನುಬಂಧದ ವಕ್ತೃಗಳ ಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ ಇಲ್ಲೂ ಇರುವಂತೆ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದೆ. ಮೂರು ಹೆಸರು ಒಂದೊಂದು ಕಡೆ ಒಂದೊಂದು ರೀತಿ ಇದ್ದವು.

ಒಬ್ಬ ಅಜ್ಜಿ ಹಾಡು ಕೊಡುವಾಗಲೇ “ಊರಿನ ಹೆಸರು ಹಾಕಿಕೊ ಮಗಳೇ, ನನ್ನ ಹೆಸರು ಬೇಡ” ಎಂದಿದ್ದರು. ಅತ್ತೆ ಸೊಸೆಯ ಪದಗಳು, ಮನೆಯಲ್ಲಿ ಗಂಡುಮಕ್ಕಳಿಗೆ ಹಿಡಿಸುವುದಿಲ್ಲ. ಅವರದು ಸಣ್ಣ ಊರು. ಊರು, ವಯಸ್ಸು, ‘ಅತ್ತೆ ಸೊಸೆಯ ಪದ’ ಮೂರನ್ನೂ ಹೇಳಿದರೆ ಹೆಸರು ಹೇಳಿದಂತೆಯೇ. ಹಿಂದೆ ಪ್ರಬಂಧ ಗ್ರಂಥಾಲಯದ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು, ಸರಿ. ಈಗ ಯುಜಿಸಿಯ ನಿಯಮದ ಪ್ರಕಾರ ಎಲೆಕ್ಟ್ರಾನಿಕ್ ಪ್ರತಿಯನ್ನು ಗ್ರಂಥಾಲಯಗಳ ಜಾಲಕೇಂದ್ರವಾದ ಇನ್‌ಫ್ಲಿಬ್‌ನೆಟ್‌ಗೆ ಕೊಡಲೇಬೇಕು. ಅವರ ಶೋಧಗಂಗಾ ಎಂಬ ಅಂತರ್ಜಾಲ ಭಂಡಾರದಲ್ಲಿ ಪ್ರಬಂಧಗಳು ಬಿಡಿ ಬಿಡಿ ಪಿಡಿಎಫ್‌ಗಳಾಗಿ ಸಿಗುತ್ತವೆ, ಕೃತಜ್ಞತೆಯ ಪುಟಕ್ಕೂ ಸಾಮಾನ್ಯವಾಗಿ ಒಂದು ಕಡತವಿರುತ್ತದೆ. ಅಜ್ಜಿಯ ಮೊಮ್ಮಗನ ಕೈಯಲ್ಲಿ ಮೊಬೈಲ್ ಇದೆ. ಹೀಗಾಗಿ ಊರನ್ನೂ ತೆಗೆದು ‘ಹೆಸರು ಬೇಡವೆಂದ ಒಬ್ಬ ಹಿರಿಯರಿಗೆ ನಾನು ಋಣಿ’ ಎಂದು ಬರೆದೆ. ಎತ್ತಿಟ್ಟ ಪದ ಅಲ್ಲಿಗೆ ಹೋಯಿತು. ಅನುಬಂಧದಲ್ಲೂ ಅವರ ಸಾಲನ್ನು ಬದಲಿಸಲು ಮರೆತಿದ್ದೆ, ಡಿ.ಟಿ.ಪಿ.ಯವರು ಕೊನೆಯ ಪ್ರತಿ ತೆಗೆಯುವ ಹಿಂದಿನ ದಿನ ನೆನಪಾಯಿತು.

ನನ್ನ ಅವ್ವನದು ಇನ್ನೊಂದು ಪೇಚು. ಮೊದಲ ಹನ್ನೆರಡು ಪದ ಸಿಕ್ಕಿದ್ದು ಅವಳಿಂದ. ಕುಟುಂಬದ ಪ್ಯಾರಾದಲ್ಲಿ ‘ಹೆತ್ತು ಹೊತ್ತು’ ಎಂದು ಎಂಟು ಸಾಲು ಸುರಿದಿದ್ದೆ. ಅಷ್ಟನ್ನೂ ಅಳಿಸಿ, ಅವಳನ್ನು ಹಾಡುಗಾರ್ತಿಯರ ಸಾಲಿನಲ್ಲಿ ಅವಳ ಹೆಸರಿನ ಅಕ್ಷರ ಬರುವ ಜಾಗದಲ್ಲಿ ಸೇರಿಸಿದೆ. ಕುಟುಂಬಕ್ಕೆ ಮೂರು ಸಾಲು ಉಳಿಯಿತು: ಗಂಡ, ಮಗಳು, ಮತ್ತು ಕ್ಷೇತ್ರಕಾರ್ಯದ ದಿನಗಳಲ್ಲಿ ಮಗಳನ್ನು ನೋಡಿಕೊಂಡ ಅತ್ತೆ.

ಇನ್ನೊಂದು ವಾಕ್ಯ ಅಪಾಯದ್ದಾಗಿತ್ತು: ‘ನನ್ನ ಪರವಾಗಿ ಹಾಡುಗಳನ್ನು ಬರೆದುಕೊಟ್ಟ ತಮ್ಮನಿಗೆ.’ ಎರಡು ಪುಟ ಹಿಂದೆ ಘೋಷಣೆಯಲ್ಲಿ ಇದು ಸಂಪೂರ್ಣ ನನ್ನದೇ ಕೆಲಸ ಎಂದು ಸಹಿ ಹಾಕಿದ್ದೇನೆ. ಅವನು ಮಾಡಿದ್ದು ನಲವತ್ತು ಗಂಟೆಯ ಧ್ವನಿಮುದ್ರಣದಲ್ಲಿ ಸುಮಾರು ಹತ್ತು ಗಂಟೆಯಷ್ಟನ್ನು ಕೇಳಿ ಅಕ್ಷರಕ್ಕಿಳಿಸಿದ್ದು; ಅದನ್ನು ನಾನು ಮತ್ತೆ ಕೇಳಿ ತಿದ್ದಿದ್ದೇನೆ. ಹಾಗೆಯೇ ಬರೆದೆ. ಅಷ್ಟು ದೊಡ್ಡ ನೆರವು ಕೃತಜ್ಞತೆಯಲ್ಲಿ ಮಾತ್ರ ಇದ್ದರೆ ಸಾಲದು ಎಂದು ಅಧ್ಯಯನ ವಿಧಾನದ ಭಾಗದಲ್ಲೂ ಒಂದು ವಾಕ್ಯ ಸೇರಿಸಿದೆ.

ಕರಡು ತಿದ್ದುವಾಗ ಒಂದು ಕಡೆ ‘ಕೃತಜ್ಞತೆ’ಯ ‘ಜ್ಞ’ ಹೋಗಿ ‘ಘ್ನ’ ಬಂದಿತ್ತು. ಕೃತಘ್ನ ಎಂದರೆ ಉಪಕಾರವನ್ನೇ ಕೊಂದವನು. ಅದೂ ಹಳೆಯ ಮಾರ್ಗದರ್ಶಕರ ಸಾಲಿನಲ್ಲಿ! ನಾನು ಬೇಕೆಂದೇ ಮಾಡಿದ್ದು ಎಂದು ಯಾರು ನಂಬುತ್ತಿರಲಿಲ್ಲ? ‘ಅಭಾರಿ’ಗಳನ್ನು ‘ಆಭಾರಿ’ ಮಾಡುವ ಬದಲು ಆ ಪದವನ್ನೇ ತೆಗೆದೆ.

ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರು ಪ್ರಬಂಧವನ್ನು ಮುಂದಿನಿಂದಲೇ ತೆರೆದರು. “ಧ್ವನಿಮುದ್ರಣ ಬರೆದದ್ದು ನಿಮ್ಮ ತಮ್ಮನೇ?” ಎಂದು ಮೊದಲ ಪ್ರಶ್ನೆ. ಕೆಲವು ಅವನು, ತಿದ್ದಿದ್ದು ನಾನು ಎಂದು ಹೇಳಿ, ವಿಧಾನದ ಪುಟ ತೆರೆದು ತೋರಿಸಿದೆ. ಅವರು ಓದಿ, ತಲೆಯಾಡಿಸಿ, ಮೂರನೆಯ ಅಧ್ಯಾಯದ ವರ್ಗೀಕರಣಕ್ಕೆ ಬಂದರು.