‘ಜೈ ರೈತ’ ಬಿಟ್ಟು ಬಿಸಿಲಿನ ಬಗ್ಗೆ ಕೇಳಿದೆ

ಶಿಡ್ಲಘಟ್ಟದ ಹತ್ತಿರ ನಮ್ಮದೊಂದು ಚಾಕಿ, ಅಂದರೆ ಮರಿ ರೇಷ್ಮೆ ಹುಳ, ಸಾಕಾಣಿಕೆ ಕೇಂದ್ರ ಇದೆ. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಎರಡನೇ ಜ್ವರ ಮುಗಿದ ಹುಳಗಳನ್ನು ಸುತ್ತಮುತ್ತಲ ರೈತರ ಮನೆಗೆ ತಲುಪಿಸುವುದು ನಮ್ಮ ಕೆಲಸ. ಅದರ ಹೆಸರಲ್ಲಿ ಒಂದು ಫೇಸ್‌ಬುಕ್ ಪೇಜ್ ಕೂಡ ನಡೆಸುತ್ತೇನೆ. ಸುಮಾರು ಎರಡು ವರ್ಷ ಆ ಪೇಜಿನಲ್ಲಿ ನಾನು ಹಾಕುತ್ತಿದ್ದ ಪೋಸ್ಟ್ ಯಾವ ತರಹದ್ದು ಅಂತ ಈಗ ಹೇಳೋಕೆ ಸ್ವಲ್ಪ ನಾಚಿಕೆ ಆಗುತ್ತದೆ. ಆದರೂ ಒಂದನ್ನು ಇದ್ದ ಹಾಗೇ ಹೇಳುತ್ತೇನೆ.

ಎಲ್ಲಿಂದಲೋ ಇಳಿಸಿಕೊಂಡ, ನೇಗಿಲು ಹಿಡಿದ ರೈತನ ಫೋಟೋ. ಅದರ ಮೇಲೆ, “ರೇಷ್ಮೆ ರೈತರ ಮೇಲೆ ಅಭಿಮಾನ ಇದ್ದರೆ ಒಂದು ಲೈಕ್. ಶೇರ್ ಮಾಡದೆ ಮುಂದೆ ಹೋಗಬೇಡಿ. ‘ಜೈ ರೈತ’ ಅಂತ ಕಾಮೆಂಟ್ ಮಾಡಿ, ಮೂರು ಜನ ಸ್ನೇಹಿತರನ್ನು ಟ್ಯಾಗ್ ಮಾಡಿ.” ರೇಷ್ಮೆ ಬೆಳೆಯುವವನು ನೇಗಿಲು ಹಿಡಿದು ಏನು ಮಾಡ್ತಾನೆ ಅಂತ ಯಾರೂ ಕೇಳಲಿಲ್ಲ. ನಾನೂ ಯೋಚಿಸಿರಲಿಲ್ಲ. 412 ಲೈಕ್ ಬಂತು, 93 ಕಾಮೆಂಟ್. ಖುಷಿಯೋ ಖುಷಿ.

ಐದು ದಿನ ಬಿಟ್ಟು ಸುಮ್ನೆ ಕೂತಾಗ ಆ 93 ಕಾಮೆಂಟ್ ಓದಿದೆ. 80ಕ್ಕೂ ಜಾಸ್ತಿ ‘ಜೈ ರೈತ’ ಮತ್ತು ಕೈ ಮುಗಿಯುವ ಚಿತ್ರ. ಎರಡು ಸಾಲದ ಜಾಹೀರಾತು. ನಡುವೆ ಎಲ್ಲೋ ಒಂದು, “ಅಣ್ಣಾ, ನಾಲ್ಕನೇ ಜ್ವರಕ್ಕೆ ಕೂತ ಹುಳ ಸರಿಯಾಗಿ ಏಳ್ತಿಲ್ಲ. ಅರ್ಧ ಎದ್ದಿವೆ, ಅರ್ಧ ಹಂಗೇ ಇವೆ. ಏನ್ ಮಾಡ್ಲಿ?” ಐದು ದಿನದ ಹಿಂದಿನ ಪ್ರಶ್ನೆ. ಹುಳದ ಲೆಕ್ಕದಲ್ಲಿ ಐದು ದಿನ ಅಂದರೆ ಆ ಬೆಳೆ ಆಗಲೇ ಉಳಿದಿರಬೇಕು, ಇಲ್ಲ ತಿಪ್ಪೆಗೆ ಹೋಗಿರಬೇಕು. ನಾನು ಕೇಳಿ ಕೇಳಿ ಹಾಕಿಸಿಕೊಂಡ ‘ಜೈ ರೈತ’ದ ರಾಶಿಯ ಕೆಳಗೆ ಒಬ್ಬ ನಿಜವಾದ ರೈತ ಮುಚ್ಚಿಹೋಗಿದ್ದ.

ಇಂಥ ಪೋಸ್ಟ್‌ಗೆ ಇನ್ನೊಂದು ತೊಂದರೆಯೂ ಇದೆ. 2017ರ ಡಿಸೆಂಬರ್‌ನಲ್ಲೇ ಫೇಸ್‌ಬುಕ್ ಇದರ ಬಗ್ಗೆ ಹೇಳಿತ್ತು. ಲೈಕ್ ಒತ್ತಿ, ಶೇರ್ ಮಾಡಿ, ಟ್ಯಾಗ್ ಮಾಡಿ, ಇಂಥ ಪದ ಕಾಮೆಂಟ್ ಮಾಡಿ, ಓಟು ಹಾಕಿ ಅಂತ ಬೇಡುವ ಪೋಸ್ಟ್‌ಗಳನ್ನು ಕಡಿಮೆ ಜನರಿಗೆ ತೋರಿಸುತ್ತೇವೆ, ಮತ್ತೆ ಮತ್ತೆ ಅದನ್ನೇ ಮಾಡುವ ಪೇಜ್ ಇದ್ದರೆ ಆ ಪೇಜನ್ನೇ ಹಿಂದಕ್ಕೆ ತಳ್ಳುತ್ತೇವೆ ಅಂತ. ನಾನು ಹಾಕಿದ ಒಂದೇ ಪೋಸ್ಟ್‌ನಲ್ಲಿ ಅದರಲ್ಲಿ ನಾಲ್ಕು ಇದ್ದವು! ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇತ್ತು. ಜನರ ಹತ್ತಿರ ಸಹಾಯ, ಸಲಹೆ ಕೇಳುವ ಪೋಸ್ಟ್‌ಗೆ ಈ ಪೆಟ್ಟು ಬೀಳುವುದಿಲ್ಲ. ಆ ಸಾಲು ನನಗೆ ಕೆಲಸಕ್ಕೆ ಬಂತು.

ಸರಿ, ಪ್ರಶ್ನೆ ಕೇಳೋಣ ಅಂತ ಹೊರಟೆ. ಮೊದಲನೇದು, “ರೇಷ್ಮೆ ಕೃಷಿಯ ಬಗ್ಗೆ ನಿಮ್ಮ ಅಭಿಪ್ರಾಯ ಏನು?” ನಾಲ್ಕು ಕಾಮೆಂಟ್ ಬಂತು. ಎರಡು ‘ಸೂಪರ್’, ಒಂದು ‘ಗುಡ್ ಮಾರ್ನಿಂಗ್’, ಒಂದು ಹೂವಿನ ಚಿತ್ರ. ತಪ್ಪು ಅವರದ್ದಲ್ಲ. ಅಷ್ಟು ದೊಡ್ಡ ಪ್ರಶ್ನೆಗೆ ಸೊಪ್ಪು ಕೊಯ್ದು ಸುಸ್ತಾಗಿ ಬಂದವನು ಎಲ್ಲಿಂದ ಶುರು ಮಾಡಬೇಕು?

ಎರಡನೇದು ಹುಳ ಗೂಡು ಕಟ್ಟುವ ತಟ್ಟೆಯ ಬಗ್ಗೆ, “ಚಂದ್ರಿಕೆ ಬಿದಿರಿನದ್ದು ಒಳ್ಳೇದಾ, ಪ್ಲಾಸ್ಟಿಕ್ ಒಳ್ಳೇದಾ?” ಇದಕ್ಕೆ 50 ದಾಟಿತು. ಗೆದ್ದೆ ಅಂದುಕೊಂಡೆ. ಓದಿದರೆ ‘ಬಿದಿರು’, ‘ಬಿದಿರು’, ‘ಪ್ಲಾಸ್ಟಿಕ್’, ‘ಬಿದಿರು’. ಇದೂ ಓಟು ಹಾಕಿಸಿದ ಹಾಗೇ ಆಯ್ತಲ್ವಾ? ಎರಡರಲ್ಲಿ ಒಂದು ಆರಿಸು ಅಂದರೆ ಜನ ಆರಿಸುತ್ತಾರೆ, ಅಷ್ಟೇ. ಯಾಕೆ ಅಂತ ಹೇಳುವುದಿಲ್ಲ.

ದಾರಿ ಸಿಕ್ಕಿದ್ದು ಚಾಕಿ ಇಳಿಸುವ ಹೊತ್ತಿನಲ್ಲಿ. ಒಬ್ಬರ ಮನೆಗೆ ಹುಳ ಕೊಡಲು ಹೋದಾಗ ನಾನು ಯಾವತ್ತೂ “ರೇಷ್ಮೆ ಕೃಷಿ ಬಗ್ಗೆ ನಿಮ್ಮ ಅಭಿಪ್ರಾಯ ಏನು” ಅಂತ ಕೇಳುವುದಿಲ್ಲ. “ಏನ್ ಗೌಡ್ರೇ, ಈ ಶೀಟು ಮಧ್ಯಾಹ್ನ ಎಷ್ಟು ಕಾಯ್ತದೆ? ಹೋದ ಸಲ ಏನ್ ಮಾಡಿದ್ರಿ?” ಅಂತ ಕೇಳುತ್ತೇನೆ. ಅಷ್ಟಕ್ಕೆ ಅರ್ಧ ಗಂಟೆ ಮಾತಾಡುತ್ತಾರೆ. ಬಾಗಿಲಲ್ಲಿ ನಿಂತು ಕೇಳುವುದನ್ನೇ ಬರೆದರೆ ಆಯ್ತು. ಅವತ್ತಿಂದ ಟೆಂಪೋದಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಮಾತಿಗೆ ಜನ ನಿಂತು ಉತ್ತರ ಕೊಟ್ಟರೋ ಅದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳುತ್ತೇನೆ.

ಮಾರ್ಚ್ ಕೊನೆಯಲ್ಲಿ ಹಾಕಿದ ಪೋಸ್ಟ್ ಇದು:

“ನಮ್ಮ ಹುಳು ಮನೆ ಸಿಮೆಂಟ್ ಶೀಟಿನದು. ನಿನ್ನೆ ಮಧ್ಯಾಹ್ನ 2 ಗಂಟೆಗೆ ಒಳಗೆ 34 ಡಿಗ್ರಿ ಇತ್ತು (ಫೋಟೋ ನೋಡಿ). ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆ. ಬಿಸಿ ಇಳಿಯಿತು, ಆದರೆ ಒಳಗೆ ಉಸಿರು ಕಟ್ಟಿದ ಹಾಗಾಯ್ತು. ಶೀಟಿನ ಮನೆ ಇರುವವರು ಕಳೆದ ಬೇಸಿಗೆ ಬೆಳೆಯಲ್ಲಿ ಬಿಸಿ ಇಳಿಸಲು ಏನು ಮಾಡಿದಿರಿ? ಮಾಡಿ ಕೈಬಿಟ್ಟದ್ದು ಇದ್ದರೆ ಅದನ್ನೂ ಹೇಳಿ. ತೆಲುಗಲ್ಲಿ ಬರೆದರೂ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಪರವಾಗಿಲ್ಲ.”

ಫೋಟೋ ಗೋಡೆಗೆ ನೇತುಹಾಕಿದ ನಮ್ಮ ಥರ್ಮಾಮೀಟರ್‌ನದು. ಗಾಜು ಸ್ವಲ್ಪ ಕೊಳೆ. ಒರೆಸಲಿಲ್ಲ.

ಇದರಲ್ಲಿ ಒಂದೊಂದು ಸಾಲಿಗೂ ಕಾರಣ ಇದೆ. ‘ಶೀಟಿನ ಮನೆ ಇರುವವರು’ ಅಂದಾಗ ಯಾರು ಉತ್ತರ ಕೊಡಬೇಕು ಅಂತ ಗೊತ್ತಾಗುತ್ತದೆ. ಹಂಚಿನ ಮನೆಯವರು ಸುಮ್ಮನೆ ಓದಿಕೊಂಡು ಹೋಗಬಹುದು. ‘ಕಳೆದ ಬೇಸಿಗೆ’ ಅಂದರೆ ನಡೆದದ್ದನ್ನು ನೆನಪು ಮಾಡಿಕೊಂಡರೆ ಸಾಕು, ತತ್ವ ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಅನಿಸಿದ್ದು ನನ್ನ ಗೋಣಿಯ ಸೋಲು. ಕೇಳುವವನೇ ಮೊದಲು ತನ್ನ ಎಡವಟ್ಟು ಹೇಳಿಕೊಂಡರೆ ಉಳಿದವರಿಗೆ ಹೇಳಲು ಸಂಕೋಚ ಇರುವುದಿಲ್ಲ. ಹಾಗಂತ ಇಲ್ಲದ ಸೋಲು ಕಟ್ಟಬಾರದು. ನಮ್ಮ ಜನಕ್ಕೆ ವಾಸನೆ ಬಡಿಯುತ್ತೆ. ಉತ್ತರ ಗೊತ್ತಿದ್ದೂ ಪರೀಕ್ಷೆ ಮಾಡುವ ಹಾಗೆ ಕೇಳುವುದೂ ಬೇಡ. ಕೊನೆಗೆ ‘ತಪ್ಪದೆ ಕಾಮೆಂಟ್ ಮಾಡಿ’ ಅಂತ ಬೆರಳು ತಾನಾಗಿ ಟೈಪ್ ಮಾಡಿತ್ತು, ಅಳಿಸಿದೆ. ಪ್ರಶ್ನೆ ಇದ್ದ ಮೇಲೆ ಅದನ್ನು ಬೇರೆ ಹೇಳಬೇಕಾ?

ರಾತ್ರಿ ಎಂಟೂವರೆ ದಾಟಿದ ಮೇಲೆ ಹಾಕಿದೆ. ಸಂಜೆಯ ಸೊಪ್ಪು ಹಾಕಿ, ಕೈ ತೊಳೆದು, ಊಟಕ್ಕೆ ಕೂತು ಜನ ಮೊಬೈಲ್ ನೋಡುವ ಹೊತ್ತು ಅದು. ಮೊದಲೆಲ್ಲ ಬೆಳಿಗ್ಗೆ ಆರಕ್ಕೆ ಹಾಕುತ್ತಿದ್ದೆ. ಆ ಹೊತ್ತಲ್ಲಿ ರೇಷ್ಮೆಯವರು ತೋಟದಲ್ಲಿರುತ್ತಾರೆ. ಗುಡ್ ಮಾರ್ನಿಂಗ್ ಹೇಳುವವರು ಮಾತ್ರ ಫೋನ್ ಹಿಡಿದಿರುತ್ತಾರೆ.

ಅರ್ಧ ಗಂಟೆ ಏನೂ ಇಲ್ಲ. ಖಾಲಿ ಜಾಗದಲ್ಲಿ ಮೊದಲು ಮಾತಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಪರಿಚಯದ ಇಬ್ಬರು ರೈತರಿಗೆ ಫೋನ್ ಮಾಡಿ, “ನೀವು ಹೋದ ವರ್ಷ ಮಾಡಿದ್ದನ್ನೇ ಬರೀರಿ, ಹೊಗಳೋದು ಬೇಡ” ಅಂದೆ. ಒಬ್ಬರಿಗೆ ಟೈಪ್ ಬರುವುದಿಲ್ಲ. ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರ ಆಗುತ್ತದೆ ಅಂತ ತೋರಿಸಿಕೊಟ್ಟಿದ್ದೆ. ಅವರೇ ಎಲ್ಲರಿಗಿಂತ ಉದ್ದ ಬರೆದರು.

ಚಿಂತಾಮಣಿ ಕಡೆಯವರು ಒಬ್ಬರು ಬರೆದದ್ದು, ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ ಮಧ್ಯಾಹ್ನ ಅದಕ್ಕೆ ಪೈಪಿನಲ್ಲಿ ನೀರು ಬಿಡ್ತೀವಿ ಅಂತ. ಇನ್ನೊಬ್ಬರು ಶೀಟಿಗೆ ಹೊರಗಿಂದ ಸುಣ್ಣ ಬಳಿದಿದ್ದರು. ಮೂರನೆಯವರು ನನ್ನ ಹಾಗೆ ಗೋಣಿಯವರು. ಆಗ ನಾನು ‘ಧನ್ಯವಾದ’ ಅಂತ ಹಾಕಿ ಬಿಟ್ಟಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. “ಗೋಣಿ ಎಷ್ಟು ಹೊತ್ತಿಗೆ ನೆನೆಸ್ತೀರಿ? ರಾತ್ರಿ ತೆಗೀತೀರಾ?” ಅಂತ ಕೇಳಿದೆ. ಅವರು ಉತ್ತರ ಕೊಡುವ ಮೊದಲೇ ಬೇರೊಬ್ಬರು ನಡುವೆ ಬಂದರು. “ರಾತ್ರಿ ತೆಗೀಲೇಬೇಕು. ನಾನು ಹಂಗೇ ಬಿಟ್ಟು, ಗಾಳಿ ಆಡದೆ ಹಾಸು ಒದ್ದೆ ಆಗಿ ಸಪ್ಪೆ ರೋಗ ಬಂದು ಬೆಳೆ ಹೋಯ್ತು.” ನನ್ನ ಮನೆಯಲ್ಲಿ ಉಸಿರು ಕಟ್ಟಿದ್ದು ಯಾಕೆ ಅಂತ ಅಲ್ಲಿ ಗೊತ್ತಾಯ್ತು. ಬಿಸಿ ಒಂದನ್ನೇ ನೋಡಿ ಗಾಳಿ ಮರೆತಿದ್ದೆ.

ನನಗೆ ಹೊಳೆಯದೇ ಇದ್ದ ಉತ್ತರ ಒಬ್ಬ ಹೆಣ್ಣುಮಗಳದ್ದು. ಮನೆ ತಂಪು ಮಾಡುವುದರ ಬಗ್ಗೆ ಅವರು ಒಂದು ಮಾತೂ ಬರೆಯಲಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನದ ಸೊಪ್ಪು ಕಮ್ಮಿ ಮಾಡ್ತೀವಿ, ಹಾಕಿದ್ದು ಅರ್ಧ ಗಂಟೆಯಲ್ಲಿ ಬಾಡುತ್ತೆ, ಬಾಡಿದ್ದನ್ನು ಹುಳ ಮುಟ್ಟಲ್ಲ, ಅದಕ್ಕೆ ಬೆಳಗಿನ ಜಾವ ಮತ್ತೆ ರಾತ್ರಿ ಜಾಸ್ತಿ ಹಾಕ್ತೀವಿ ಅಂತ. ದಿನಾ ಹುಳದ ಮುಂದೆ ನಿಲ್ಲುವವರು ಬಹಳ ಕಡೆ ಹೆಂಗಸರೇ. ಎರಡು ವರ್ಷದ ‘ಜೈ ರೈತ’ದಲ್ಲಿ ಅವರ ಒಂದು ಮಾತೂ ನನ್ನ ಪೇಜಿಗೆ ಬಂದಿರಲಿಲ್ಲ.

ಈ ಪೋಸ್ಟ್‌ಗೆ 61 ಲೈಕ್, 38 ಕಾಮೆಂಟ್. ಅಂಕಿ ಕೆಳಗೆ ಬಂತು, ಸುಳ್ಳು ಯಾಕೆ ಹೇಳಲಿ. ಮೊದಲ ವಾರ ಹೊಟ್ಟೆ ಉರಿದದ್ದೂ ನಿಜ. ಈಗ ನಾನು ಬೇರೆ ಲೆಕ್ಕ ಇಡುತ್ತೇನೆ. ಕಾಮೆಂಟಿನಲ್ಲಿ ‘ನಾನು’, ‘ನಮ್ಮನೇಲಿ’, ‘ಹೋದ ಸಲ’ ಇಂಥದ್ದು ಇದೆಯಾ? ಇದ್ದರೆ ಅದು ಅನುಭವ. ಒಬ್ಬ ರೈತ ನನಗಲ್ಲದೆ ಇನ್ನೊಬ್ಬ ರೈತನಿಗೆ ಉತ್ತರ ಕೊಟ್ಟಿದ್ದಾನಾ? ಇವೆರಡನ್ನು ಎಣಿಸುತ್ತೇನೆ. ಆ 38ರಲ್ಲಿ ಅನುಭವ 19, ಅವರವರೇ ಮಾತಾಡಿಕೊಂಡದ್ದು 7.

ತೊಂದರೆ ಇಲ್ಲ ಅಂತಲ್ಲ. ಪ್ರಶ್ನೆ ಕಂಡ ಕೂಡಲೇ ಔಷಧಿ ಮಾರುವವರು ಫೋನ್ ನಂಬರ್ ಸಮೇತ ಬರುತ್ತಾರೆ. ಅವರ ಕಾಮೆಂಟ್ ಮರೆಮಾಡುತ್ತೇನೆ, ಜಗಳ ಮಾಡುವುದಿಲ್ಲ. ಸತ್ತ ಹುಳದ ಫೋಟೋ ಹಾಕಿ ಯಾವ ರೋಗ ಅಂತ ಕೇಳಿದರೆ ಅಲ್ಲಿ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಫೋಟೋ ಹಾಕಿದವರಿಗೆ ಫೋನ್ ಮಾಡಿ, ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದವರಿಗೆ ತೋರಿಸಿ ಅನ್ನುತ್ತೇನೆ. ಗೂಡಿನ ರೇಟಿನ ಬಗ್ಗೆ ಒಮ್ಮೆ ಕೇಳಿ ಕೈ ಸುಟ್ಟುಕೊಂಡೆ. ರೈತರು, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಮೂರು ದಿನ ಬೈದಾಡಿದರು, ಕಲಿತದ್ದು ಏನೂ ಇಲ್ಲ. ವಾರಕ್ಕೆ ಮೂರು ಪ್ರಶ್ನೆ ಹಾಕಿದಾಗಲೂ ಜನ ಸುಸ್ತಾದರು. ಈಗ ಒಂದು ಬೆಳೆಗೆ ಒಂದು, ಹೆಚ್ಚಂದ್ರೆ ಎರಡು.

ವಾರ ಬಿಟ್ಟು ಬಂದ ಉತ್ತರಗಳನ್ನೆಲ್ಲ ಸೇರಿಸಿ ಇನ್ನೊಂದು ಪೋಸ್ಟ್ ಹಾಕಿದೆ. ಯಾರ ಮಾತು ಅಂತ ಊರಿನ ಕಡೆ ಹೇಳಿ ಬರೆದೆ. ನಾನು ಸುಣ್ಣ ಬಳಿದು, ಗರಿ ಹೊದಿಸಿ ನೋಡಿದ ಮೇಲೆ ಅದೇ ಎರಡು ಗಂಟೆಯ ಥರ್ಮಾಮೀಟರ್ ಫೋಟೋ ಹಾಕಿದೆ. 31 ಇತ್ತು. ಐದನೇ ಹಂತದ ಹುಳಕ್ಕೆ ಬೇಕಾದ 24–25ಕ್ಕೆ ಇನ್ನೂ ದೂರ, ಅದನ್ನೂ ಬರೆದೆ. ತಮ್ಮ ಮಾತು ಕೆಲಸಕ್ಕೆ ಬಂತು ಅಂತ ಕಂಡವರು ಮುಂದಿನ ಪ್ರಶ್ನೆಗೆ ಫೋನ್ ಮಾಡಿ ಕರೆಯದೆ ಬಂದರು.

ಮಳೆಗಾಲದ ಪ್ರಶ್ನೆ ಈಗ ನೋಟ್‌ಬುಕ್‌ನಲ್ಲಿದೆ. ಮೊದಲು ಬರೆದದ್ದು, “ಮಳೆಗಾಲದಲ್ಲಿ ಹುಳ ಸಾಕುವುದು ಕಷ್ಟ ಅಲ್ವಾ?” ಹೌದು ಅಂದರೆ ಮುಗೀತು. ಹೊಡೆದು ಹಾಕಿದೆ. ಎರಡನೇದು, “ಒದ್ದೆ ಸೊಪ್ಪು ಹೇಗೆ ನಿಭಾಯಿಸುತ್ತೀರಿ?” ಪರವಾಗಿಲ್ಲ, ಆದರೆ ಸಡಿಲ. ಈಗ ಹೀಗಿದೆ: “ಮೂರು ದಿನ ಬಿಡದೆ ಮಳೆ, ಹುಳ ನಾಲ್ಕನೇ ಜ್ವರದಿಂದ ಎದ್ದಿದೆ, ಸೊಪ್ಪೆಲ್ಲ ಒದ್ದೆ. ಹೋದ ವರ್ಷ ನಾನು ಫ್ಯಾನ್ ಕೆಳಗೆ ಹರಡಿ ಒಣಗಿಸಿದೆ, ಅರ್ಧ ದಿನ ಹುಳ ಉಪವಾಸ ಇದ್ದವು. ನೀವು ಅವತ್ತು ಏನು ಹಾಕಿದಿರಿ?” ‘ಅವತ್ತು’ ಇರಲೋ ಬೇಡವೋ ಅಂತ ಇನ್ನೂ ನೋಡುತ್ತಿದ್ದೇನೆ. ಮಳೆ ಹಿಡಿಯಲಿ, ಹಾಕುತ್ತೇನೆ.