ಗೆರೆ ಬಿದ್ದ ಲ್ಯಾಪ್‌ಟಾಪ್‌ಗೆ 15,800 ರೂಪಾಯಿ: ರೇಟು ಸರಿಯಾ?

ಅಕ್ಕನ ಮಗನ ಲ್ಯಾಪ್‌ಟಾಪ್ ಡಿಸ್‌ಪ್ಲೇ ಮೇಲೆ ಹಸಿರು ಗೆರೆಗಳು ಬಿದ್ದವು. ತುಮಕೂರಿನ ಒಂದು ಅಂಗಡಿಯವರು ಚೀಟಿ ಬರೆದುಕೊಟ್ಟರು: ಡಿಸ್‌ಪ್ಲೇ 8,500, ಗ್ರಾಫಿಕ್ಸ್ ಚಿಪ್ ಕೆಲಸ 5,500, ಕೂಲಿ 1,800. ಒಟ್ಟು 15,800. ‘ಮಾಮ, ಇದು ಜಾಸ್ತಿ ಅಲ್ವಾ?’ ಎಂದು ಚೀಟಿಯ ಫೋಟೊ ಕಳಿಸಿದ.

ಇಂಥ ಹೊತ್ತಿನಲ್ಲಿ ಎಲ್ಲರೂ ‘ನಿಮಗೆಷ್ಟಾಯ್ತು’ ಎಂದು ಅವರಿವರನ್ನು ಕೇಳುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಅವರ ಯಂತ್ರವೇ ಬೇರೆ, ಕೆಟ್ಟಿದ್ದೂ ಬೇರೆ. ಚೀಟಿಯ ಒಂದೊಂದು ಸಾಲನ್ನೂ ಬೇರೆಬೇರೆಯಾಗಿ ನೋಡಬೇಕು. ಬರೀ ಒಟ್ಟು ಮೊತ್ತ ಹೇಳಿದರೆ ಸಾಲು ಬಿಡಿಸಿ ಬರೆಸಿಕೊಳ್ಳಿ.

ಮೊದಲು ಚಿಪ್‌ನ ಸಾಲು. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎಚ್‌ಡಿಎಂಐ ಕೇಬಲ್‌ನಿಂದ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, ವಿಂಡೋಸ್ ಕೀ ಜೊತೆ P ಒತ್ತಿ, Duplicate ಆರಿಸಿ. ಟಿವಿಯಲ್ಲೂ ಅದೇ ಗೆರೆ ಬಂದರೆ ಚಿಪ್ ಅಥವಾ ಸಾಫ್ಟ್‌ವೇರ್ ಮೇಲೆ ಅನುಮಾನ. ಟಿವಿಯಲ್ಲಿ ಚಿತ್ರ ಚೊಕ್ಕವಾಗಿದ್ದರೆ ತೊಂದರೆ ಚಿತ್ರ ಮೂಡಿಸುವ ಪ್ಯಾನೆಲ್‌ನಲ್ಲೋ ಅದರ ಕೇಬಲ್‌ನಲ್ಲೋ ಇರುವ ಸಾಧ್ಯತೆಯೇ ಹೆಚ್ಚು. ನಮ್ಮ ಹುಡುಗನ ಟಿವಿಯಲ್ಲಿ ಒಂದು ಗೆರೆಯೂ ಇರಲಿಲ್ಲ.

ಇಲ್ಲೇ ಒಂದು ಎಚ್ಚರಿಕೆ. ಹೆಚ್ಚಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ. ಕೆಲವದರಲ್ಲಿ ಎಚ್‌ಡಿಎಂಐ ಒಂದಕ್ಕೆ, ಒಳಗಿನ ಡಿಸ್‌ಪ್ಲೇ ಇನ್ನೊಂದಕ್ಕೆ ಸೇರಿರುತ್ತದೆ. ಅಂಥದ್ದರಲ್ಲಿ ಟಿವಿ ಪರೀಕ್ಷೆಯನ್ನಷ್ಟೇ ನಂಬಬೇಡಿ. ಡೆಲ್ ಆದರೆ ಇನ್ನೊಂದು ದಾರಿ ಇದೆ: ಆಫ್ ಮಾಡಿ, ಚಾರ್ಜರ್ ಹಾಕಿ, D ಕೀ ಒತ್ತಿ ಹಿಡಿದು ಪವರ್ ಬಟನ್ ಒತ್ತಿ. ಪರದೆ ತುಂಬ ಒಂದೊಂದೇ ಬಣ್ಣ ಬರುತ್ತದೆ. ಈ ಪರೀಕ್ಷೆಯಲ್ಲಿ ಗ್ರಾಫಿಕ್ಸ್ ಚಿಪ್‌ನ ಪಾತ್ರ ಇರುವುದಿಲ್ಲ. ಹಾಗಾಗಿ ಆಗಲೂ ಗೆರೆ ಕಂಡರೆ ಚಿಪ್ ತಪ್ಪಿತಸ್ಥ ಅಲ್ಲ.

ಚಿಪ್ಪೇ ಕೆಟ್ಟಿದ್ದರೂ ‘ಬಿಸಿ ಕೊಟ್ಟು ಸರಿ ಮಾಡ್ತೀವಿ’ ಅಂದರೆ ನಾನಂತೂ ದುಡ್ಡು ಕೊಡುವುದಿಲ್ಲ. ಬಿಸಿ ಗಾಳಿ ತಾಗಿದ ಚಿಪ್ ಸ್ವಲ್ಪ ದಿನ ಓಡಿ ಮತ್ತೆ ಮಲಗುವುದೇ ಹೆಚ್ಚು.

ಇನ್ನು ಪ್ಯಾನೆಲ್ಲಾ, ಕೇಬಲ್ಲಾ? ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿ. ಕೋನ ಬದಲಾದಂತೆ ಗೆರೆ ಬಂದು ಹೋದರೆ ಕೀಲಿನ ಹತ್ತಿರದ ಕೇಬಲ್ ಮೇಲೆ ಅನುಮಾನ. ಕೇಬಲ್‌ನ ಬೆಲೆ ಪ್ಯಾನೆಲ್‌ಗಿಂತ ಬಹಳ ಕಡಿಮೆ. ನಮ್ಮದರಲ್ಲಿ ಗೆರೆ ಅಲುಗಲಿಲ್ಲ. ಅಂದರೆ ಪ್ಯಾನೆಲ್.

ಜನ ಎಡವುವುದು ಇದರ ಮುಂದಿನ ಹಂತದಲ್ಲಿ. ‘15.6 ಇಂಚು ಡಿಸ್‌ಪ್ಲೇ ಎಷ್ಟು’ ಎಂದು ಕೇಳುವುದು ‘ಸೀರೆ ಎಷ್ಟು’ ಎಂದು ಕೇಳಿದ ಹಾಗೆ. ಒಂದೇ ಅಳತೆಯಲ್ಲಿ ಹತ್ತಾರು ಪ್ಯಾನೆಲ್‌ಗಳಿವೆ. Device Managerನಲ್ಲಿ Monitors ತೆರೆದು, Properties, Details, Hardware Ids ನೋಡಿದರೆ MONITOR\ ಆದಮೇಲೆ ಒಂದು ಗುರುತು ಇರುತ್ತದೆ. ಅದರ ಮೊದಲ ಮೂರು ಅಕ್ಷರ ತಯಾರಕರದ್ದು: BOE, AUO, LGD, ಇನೊಲಕ್ಸ್ ಆದರೆ CMN. ಪೂರ್ತಿ ನಂಬರ್ ಪ್ಯಾನೆಲ್‌ನ ಬೆನ್ನಿನ ಚೀಟಿಯಲ್ಲಿರುತ್ತದೆ. ಬಿಚ್ಚಿದಾಗ ಅದರ ಫೋಟೊ ಕೇಳಿ. ಹೊಸದರ ಚೀಟಿಯ ಫೋಟೊವನ್ನೂ ಕೇಳಿ, ಆಮೇಲೆ ಒಪ್ಪಿ.

ನಂಬರ್ ಹಿಡಿದು ಬೆಂಗಳೂರಿನ ಎಸ್‌.ಪಿ. ರೋಡಿನ ಎರಡು ಅಂಗಡಿಗಳಿಗೆ ಫೋನ್ ಮಾಡಿದೆ. ಒಬ್ಬರು 5,200, ಇನ್ನೊಬ್ಬರು 5,600 ಅಂದರು. ಅದೇ ಅಳತೆಯ ಇನ್ನೊಂದು ಪ್ಯಾನೆಲ್ 3,400ಕ್ಕೂ ಇತ್ತು. ಅದು ಟಿಎನ್ ಎಂಬ ಅಗ್ಗದ ಬಗೆ, ನಮ್ಮದು ಯಾವ ಕೋನದಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್. ಐಪಿಎಸ್ ಬೆಲೆ ತೆಗೆದುಕೊಂಡು ಟಿಎನ್ ಕೂರಿಸುವವರೂ ಇದ್ದಾರೆ. ಕಂಡುಹಿಡಿಯುವುದು ಸುಲಭ: ಪರದೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಮುಖದ ಫೋಟೊ ಕಪ್ಪಾಗಿ, ಬಣ್ಣ ತಿರುಗಿ ಕಂಡರೆ ಟಿಎನ್. ರೆಸಲ್ಯೂಷನ್ 1920 x 1080 ಇದೆಯಾ ಎಂದು Settingsನಲ್ಲಿ ನೋಡುವುದಕ್ಕೆ ಅರ್ಧ ನಿಮಿಷ ಸಾಕು.

ಹೀಗೆಂದು ದುಬಾರಿ ಚೀಟಿ ಎಲ್ಲವೂ ಮೋಸ ಅಲ್ಲ. ಟಚ್ ಪರದೆಯಲ್ಲಿ ಗಾಜು ಪ್ಯಾನೆಲ್‌ಗೆ ಅಂಟಿದ್ದರೆ ಎರಡನ್ನೂ ಸೇರಿಸಿಯೇ ಬದಲಿಸಬೇಕಾಗಬಹುದು. ಆಗ 8,500 ಕೂಡ ಕಡಿಮೆಯೇ ಆದೀತು. 144 ಹರ್ಟ್ಸ್‌ನ ಪ್ಯಾನೆಲ್ ಬೆಲೆಯೂ ಮೇಲೆ. ಅಂಗಡಿಯವರಿಗೂ ಬಾಡಿಗೆ ಇದೆ. ಪ್ಯಾನೆಲ್ ಮೇಲೆ ಸಾವಿರ ರೂಪಾಯಿ ಇಟ್ಟುಕೊಂಡರೆ ನಾನು ಚೌಕಾಶಿ ಮಾಡುವುದಿಲ್ಲ. ಆದರೆ ಸಾಧಾರಣ ಪ್ಯಾನೆಲ್ ಕೂರಿಸುವುದು ಅರ್ಧ ಮುಕ್ಕಾಲು ಗಂಟೆಯ ಕೆಲಸ. ಅದಕ್ಕೆ 1,800 ಕೂಲಿ ಜಾಸ್ತಿ.

ತೆರಿಗೆ ಸೇರಿಸಿದರೆ ಬಿಲ್ಲಿನಲ್ಲಿ 15 ಅಕ್ಷರಗಳ ಜಿಎಸ್‌ಟಿ ನಂಬರ್ ಇರಬೇಕು. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. gst.gov.in ನಲ್ಲಿ ಹಾಕಿದರೆ ಅಂಗಡಿಯ ಹೆಸರು ಬರುತ್ತದೆ. ನಂಬರೇ ಇಲ್ಲದವರು ಜಿಎಸ್‌ಟಿ ಕೇಳುವ ಹಾಗಿಲ್ಲ.

ಹುಡುಗ ಟಿವಿಯ ಫೋಟೊ ತೋರಿಸಿ, ಪ್ಯಾನೆಲ್ ನಂಬರ್ ಹೇಳಿದ ಮೇಲೆ ಅದೇ ಅಂಗಡಿಯವರು ಚಿಪ್‌ನ ಸಾಲು ಹೊಡೆದುಹಾಕಿದರು. ಪ್ಯಾನೆಲ್ 6,200, ಕೂಲಿ 800, ಒಟ್ಟು 7,000. ಹೊಸ ಪ್ಯಾನೆಲ್‌ನ ನಂಬರ್ ಮತ್ತು ಆರು ತಿಂಗಳ ವಾರಂಟಿಯನ್ನು ಬಿಲ್ಲಿನ ಮೇಲೆ ಬರೆಸಿಕೊಂಡು, ಹಳೇ ಪ್ಯಾನೆಲನ್ನೂ ಕೇಳಿ ತಂದ.