ಏಳು ಕೆಜಿ ಇದ್ದಿದ್ದು ಲೋಟದಲ್ಲಿ: ನನ್ನ ಅನುಭವ

ಕಳೆದ ಯುಗಾದಿಗೆ ನನ್ನ ತೂಕ 86 ಕೆಜಿ. ದೀಪಾವಳಿ ಕಳೆದು ಅಡಿಕೆ ಕೊನೆಕೊಯ್ಲು ಜೋರಾಗುವ ಹೊತ್ತಿಗೆ 79. ಈ ಹೊತ್ತಿನಲ್ಲಿ ಬೇಕು ಅಂತ ಒಂದು ಸೌಟು ಅನ್ನ ಕಮ್ಮಿ ಮಾಡಲಿಲ್ಲ, ಬದಲಾಯಿಸಿದ್ದು ಕುಡಿಯೋದನ್ನು ಮಾತ್ರ. "ಅನ್ನ ಬಿಡದೆ ತೂಕ ಇಳಿಯೋದುಂಟಾ" ಅಂತ ಮನೆಯವಳೂ ಹೇಳಿದ್ದಳು, ಭಾವನೂ ಹೇಳಿದ್ದರು. ಈಗ ಅವರೇ ಹೇಗೆ ಮಾಡಿದೆ ಅಂತ ಕೇಳುತ್ತಾರೆ. ಕ್ಯಾಲೊರಿ ಅಂದರೇನು, ಅಡುಗೆಮನೆ ತಕ್ಕಡಿಯಲ್ಲಿ ತೂಗೋದು ಹೇಗೆ ಅನ್ನೋದೆಲ್ಲ ನಿಮಗೆ ಗೊತ್ತಿರುತ್ತೆ. ಹಾಗಾಗಿ ನಾನು ಎಲ್ಲಿ ಎಡವಿದೆ, ಏನು ಕೆಲಸ ಮಾಡಿತು ಅನ್ನೋದನ್ನಷ್ಟೇ ಬರೆಯುತ್ತೇನೆ.

ನಾನು ಸಾಗರದ ಕಡೆ ಅಡಿಕೆ ಚೇಣಿ ಮಾಡುವವನು, ಅಂದರೆ ತೋಟದ ಫಸಲನ್ನು ಗುತ್ತಿಗೆ ಹಿಡಿಯುವವನು. ಫಸಲು ನೋಡೋಕೆ ದಿನಕ್ಕೆ ನಾಲ್ಕೈದು ಮನೆ ತಿರುಗಬೇಕು. ಜಗಲಿ ಹತ್ತಿದ ತಕ್ಷಣ "ಆಸರಿಗೆ ಎಂತ ಬೇಕು?" ಅಂತ ಕೇಳುತ್ತಾರೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಕಾಫಿ, ಮುರುಗಲ ಹಣ್ಣಿನ ಪಾನಕ, ಮತ್ತೆ ಕಾಫಿ. ಸಂಜೆ ಪೇಟೆಗೆ ಬಂದರೆ ತಣ್ಣಗಿನ ಒಂದು ಬಾಟಲಿ ಕೂಲ್‌ಡ್ರಿಂಕ್.

ಯುಗಾದಿಗೂ ಮುಂಚೆ, ಮೊದಲ ಸಲ ಎಲ್ಲರ ಹಾಗೆ ನಾನೂ ರಾತ್ರಿ ಅನ್ನ ಬಿಟ್ಟಿದ್ದೆ. ಹತ್ತು ದಿನ ನಡೆಯಿತು. ಆಮೇಲೆ ರಾತ್ರಿ ಹನ್ನೊಂದಕ್ಕೆ ಎದ್ದು ಅವಲಕ್ಕಿ ತಿನ್ನೋಕೆ ಶುರುಮಾಡಿದೆ. ತೂಕ ಇದ್ದಲ್ಲೇ ಇತ್ತು.

ಎರಡನೇ ಸಲ ಮಾಡಿದ ತಪ್ಪು ದುಬಾರಿಯಾಯಿತು. ಬಾಟಲಿ ಬಿಟ್ಟು ಹಣ್ಣಿನ ರಸ ಕುಡಿಯೋಣ, ಅದು ಒಳ್ಳೇದು ಅಲ್ವಾ ಅಂದುಕೊಂಡೆ. ಸುಮಾರು ಆರು ಸಾವಿರ ಕೊಟ್ಟು ಜ್ಯೂಸ್ ಮಿಷನ್ ತಂದೆ. ಒಂದು ಲೋಟಕ್ಕೆ ಮೂರು ಮೂಸಂಬಿ ಬೇಕು. ನಾನು ದಿನಕ್ಕೆ ಎರಡು ಲೋಟ ಕುಡಿಯುತ್ತಿದ್ದೆ. ಎರಡು ತಿಂಗಳಿಗೆ ಹಣ್ಣಿಗೇ ನಾಲ್ಕೈದು ಸಾವಿರ ಹೋಗಿರಬೇಕು. ತೂಕ ಒಂದೂವರೆ ಕೆಜಿ ಏರಿತು. ಸಕ್ಕರೆ ಒಂದು ಚಮಚ ಹಾಕಿರಲಿಲ್ಲ, ಆದರೂ ಏರಿತು. ಆಗ ನನಗೆ ನಿಜಕ್ಕೂ ಸಿಟ್ಟು ಬಂತು. ಎಲ್ಲಿ ಸೋರುತ್ತಿದೆ ಅಂತ ಹುಡುಕೋಕೆ ಕೂತೆ.

ಹಳೇ ದಿನಚರಿಯಲ್ಲಿ ಕುಡಿದದ್ದನ್ನು ಮಾತ್ರ ಲೆಕ್ಕ ಹಾಕಿದೆ. ಕಾಫಿ, ಟೀ ಸೇರಿ ಐದು. ಒಂದೊಂದಕ್ಕೆ ಎರಡು ಚಮಚ, ಅಂದರೆ ಹತ್ತು ಗ್ರಾಂ ಅಂತ ಹಿಡಿದರೆ 50 ಗ್ರಾಂ ಸಕ್ಕರೆ. ಪಾನಕ ಎರಡು ಲೋಟ, ಸುಮಾರು 40 ಗ್ರಾಂ. 250 ಎಂಎಲ್ ಬಾಟಲಿಯಲ್ಲಿ ಇನ್ನೊಂದು 27. ಒಟ್ಟು ಹೆಚ್ಚುಕಮ್ಮಿ 117 ಗ್ರಾಂ. ಗ್ರಾಂಗೆ ನಾಲ್ಕರಂತೆ 460 ಕ್ಯಾಲೊರಿ ದಾಟುತ್ತೆ, ಹಾಲಿನದ್ದು ಬಿಟ್ಟು. ಇಷ್ಟು ಒಳಗೆ ಹೋದ ಮೇಲೂ ಮಧ್ಯಾಹ್ನ ಒಂದು ತುತ್ತು ಕಮ್ಮಿ ಉಣ್ಣುತ್ತಿರಲಿಲ್ಲ.

ಇದು ನನ್ನೊಬ್ಬನ ಹೊಟ್ಟೆಯ ಕಥೆ ಅಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. 15 ಜನಕ್ಕೆ ನಾಲ್ಕು ವಾರ ದಿನಕ್ಕೆ 450 ಕ್ಯಾಲೊರಿಯಷ್ಟು ಸಕ್ಕರೆ ಮಿಠಾಯಿ ಕೊಟ್ಟರು, ಇನ್ನು ನಾಲ್ಕು ವಾರ ಅಷ್ಟೇ ಕ್ಯಾಲೊರಿಯ ಸೋಡಾ ಕೊಟ್ಟರು. ಮಿಠಾಯಿ ತಿಂದಾಗ ಅವರು ತಮಗೆ ಗೊತ್ತಿಲ್ಲದೇ ಊಟದಲ್ಲಿ ಅಷ್ಟನ್ನು ಕಮ್ಮಿ ಮಾಡಿಕೊಂಡಿದ್ದರು. ಸೋಡಾ ಕುಡಿದಾಗ ಊಟ ಸ್ವಲ್ಪವೂ ಕಮ್ಮಿ ಆಗಲಿಲ್ಲ, ತೂಕ ಏರಿತು. ಆ 450 ನೋಡಿದಾಗ ನನ್ನ ಲೆಕ್ಕದ ಚೀಟಿಯನ್ನು ಇನ್ನೊಂದು ಸಲ ತೆಗೆದು ನೋಡಿದೆ.

ಹಣ್ಣಿಗೂ ಇದು ಹೀಗೇನಾ ಅಂತ ಮನೆಯಲ್ಲೇ ನೋಡಿದೆ. ಮೂರು ದಿನ ಬೆಳಿಗ್ಗೆ ಹನ್ನೊಂದೂವರೆಗೆ ಮೂರು ಮೂಸಂಬಿಯ ರಸ ಕುಡಿದೆ. ಮುಂದಿನ ಮೂರು ದಿನ ಅದೇ ಹೊತ್ತಿಗೆ ಮೂರು ಮೂಸಂಬಿ ಸುಲಿದು ತೊಳೆ ತೊಳೆಯಾಗಿ ತಿಂದೆ. ಕುಡಿಯೋಕೆ ಒಂದು ನಿಮಿಷ ಬೇಕಾಗಲಿಲ್ಲ. ತಿನ್ನೋಕೆ ಹನ್ನೆರಡು ನಿಮಿಷ ಹಿಡಿಯಿತು, ಕೈಯೆಲ್ಲ ಅಂಟು, ಮೂರನೇ ಹಣ್ಣಿನ ಹೊತ್ತಿಗೆ ಸಾಕಪ್ಪ ಅನ್ನಿಸಿತ್ತು. ಒಂದು ಗಂಟೆಗೆ ಊಟ. ಅನ್ನದ ಪಾತ್ರೆಯನ್ನು ಬಡಿಸುವ ಮುಂಚೆ, ಬಡಿಸಿದ ಮೇಲೆ ಮನೆಯವಳು ತೂಗಿ ಬರೆದಿಡುತ್ತಿದ್ದಳು. ನನಗೆ ಏಳನೇ ದಿನದವರೆಗೂ ತೋರಿಸಬಾರದು ಅಂತ ಹೇಳಿದ್ದೆ. ರಸ ಕುಡಿದ ದಿನ ಅನ್ನ ಸುಮಾರು 410 ಗ್ರಾಂ, ಅದು ನನ್ನ ಮಾಮೂಲಿ ಊಟ. ಹಣ್ಣು ತಿಂದ ದಿನ 330ರ ಆಸುಪಾಸು. ಆ 80 ಗ್ರಾಂ ಅನ್ನಕ್ಕೆ ನೂರು ಕ್ಯಾಲೊರಿ. ಮೂರು ಮೂಸಂಬಿಯದ್ದೂ ಹತ್ತಿರ ಹತ್ತಿರ ಅಷ್ಟೇ. ಅಂದರೆ ತಿಂದ ಹಣ್ಣನ್ನು ಹೊಟ್ಟೆ ಲೆಕ್ಕಕ್ಕೆ ಹಿಡಿದಿತ್ತು, ಕುಡಿದ ಹಣ್ಣನ್ನು ಹಿಡಿದೇ ಇರಲಿಲ್ಲ. ಜಗಿಯೋದಿಲ್ಲ, ನಾರು ಮಿಷನ್‌ನಲ್ಲೇ ಉಳಿಯುತ್ತೆ, ರಸ ಹೊಟ್ಟೆಯಲ್ಲಿ ನಿಲ್ಲದೆ ಬೇಗ ಇಳಿದು ಹೋಗುತ್ತೆ. ಆರೇ ದಿನದ ಲೆಕ್ಕ, ಒಬ್ಬನೇ ಮನುಷ್ಯ, ಒಪ್ಪುತ್ತೇನೆ. ನೀವೂ ಮಾಡಿ ನೋಡಿ.

ಹಾಗಾದರೆ ನೀರಾಗಿರೋದೆಲ್ಲ ಹೀಗೇನಾ ಅಂತ ಗಂಜಿಯನ್ನೂ ನೋಡಿದೆ. ಇಲ್ಲ. ಅಗಳು ಇರುವ ಕುಚ್ಚಲಕ್ಕಿ ಗಂಜಿ ಬಿಸಿ ಬಿಸಿಯಾಗಿ ಚಮಚದಲ್ಲಿ ಉಂಡರೆ ಮಧ್ಯಾಹ್ನ ಒಂದರವರೆಗೂ ಹಸಿವಿಲ್ಲ. ಅದು ಮಂದ ಇರುತ್ತೆ, ನಿಧಾನಕ್ಕೆ ಉಣ್ಣಬೇಕು, ಅಗಳು ಜಗಿಯಬೇಕು. ಹಾಗಾಗಿ ಗಂಜಿ ಬಿಡಬೇಡಿ.

ಆಮೇಲೆ ಮಾಡಿದ್ದು ಇಷ್ಟು. ಬಾಟಲಿ ಪೂರ್ತಿ ಬಂದ್. ಮಿಷನ್ ಅರ್ಧ ಬೆಲೆಗೆ ಮಾರಿದೆ. ಹಣ್ಣು ಎಷ್ಟಾದರೂ ಸರಿ, ಆದರೆ ತಿನ್ನಬೇಕು. ಕಾಫಿ ಎರಡಕ್ಕೆ ಇಳಿಸಿ, ಸಕ್ಕರೆಯನ್ನು ವಾರಕ್ಕೆ ಕಾಲು ಚಮಚದಂತೆ ಇಳಿಸಿದೆ. ಒಂದೇ ದಿನಕ್ಕೆ ಬಿಟ್ಟಿದ್ದಾಗ ಮೂರನೇ ದಿನಕ್ಕೆ ವಾಪಸ್ ಬಂದಿತ್ತು. ಮುರುಗಲು ಮಾತ್ರ ನಾನು ಬಿಡಲ್ಲ. ಸಕ್ಕರೆ ಹಾಕಿ ಬಿಸಿಲಿಗಿಟ್ಟ ಭರಣಿಯ ಪಾಕ ಬೇಡ, ಒಣಗಿಸಿದ ಸಿಪ್ಪೆ ಐದಾರು ನೆನೆಸಿ ಕಿವುಚಿ ಉಪ್ಪು, ಜೀರಿಗೆಪುಡಿ ಹಾಕಿದರೆ ಆಯಿತು. ಅದಕ್ಕೆ ಇನ್ನೊಂದು ಸಾಮಾನು ಹಾಕುತ್ತೇನೆ, ಸಿಹಿ ಇಲ್ಲ ಅನ್ನೋದೇ ಗೊತ್ತಾಗಲ್ಲ. ಅದು ನಮ್ಮನೆ ಗುಟ್ಟು.

ಕಷ್ಟ ಆಗಿದ್ದು ಬೇರೆಯವರ ಜಗಲಿಯಲ್ಲಿ. "ಸಕ್ಕರೆ ಬೇಡ" ಅಂದರೆ "ಶುಗರ್ ಬಂತಾ" ಅಂತ ಕೇಳಿ ಊರಿಗೆಲ್ಲ ಹಬ್ಬಿಸುತ್ತಾರೆ. ಅದಕ್ಕೆ ಅವರು ಕೇಳುವ ಮುಂಚೆ ನಾನೇ ಬಾಯಿಬಿಟ್ಟು "ಅಮ್ಮ, ನೀರುಮಜ್ಜಿಗೆ ಇದ್ದರೆ ಉಪ್ಪು ಹಾಕಿ ಕೊಡಿ" ಅಂತ ಕೇಳುತ್ತೇನೆ. ಕೇಳಿ ಕುಡಿಯುವವನನ್ನು ಕಂಡರೆ ಅವರಿಗೂ ಖುಷಿ. ನೂರಕ್ಕೆ ತೊಂಬತ್ತು ಮನೆಯಲ್ಲಿ ಇದು ನಡೆದಿದೆ. ಉಳಿದ ಹತ್ತು ಮನೆಗೆ ಒಂದು ಬೇರೆ ಮಾತಿದೆ. ಅವರೂ ಇದನ್ನು ಓದಬಹುದು, ಅದಕ್ಕೆ ಇಲ್ಲಿ ಬರೆಯಲ್ಲ.

ಮೊದಲ ಮೂರು ವಾರ ತಕ್ಕಡಿ ಅಲ್ಲಾಡಲಿಲ್ಲ. ಭಾವ ದಿನಾ ಕೇಳುತ್ತಿದ್ದರು. ಆಮೇಲೆ ತಿಂಗಳಿಗೆ ಒಂದು ಕೆಜಿ, ಒಂದೊಂದು ತಿಂಗಳು ಸ್ವಲ್ಪ ಜಾಸ್ತಿ. ಈಗ ಎರಡು ತಿಂಗಳಿಂದ 79ರಲ್ಲೇ ನಿಂತಿದೆ. ಇದಕ್ಕಿಂತ ಇಳಿಯಬೇಕಾದರೆ ಅನ್ನಕ್ಕೂ ಕೈ ಹಾಕಬೇಕು, ಅದು ನನಗೆ ಬೇಡ. ಬಾಟಲಿ, ಹಣ್ಣಿನ ಖರ್ಚು ಸೇರಿ ತಿಂಗಳಿಗೆ ಎರಡು ಸಾವಿರದ ಹತ್ತಿರ ಉಳಿಯುತ್ತಿದೆ.

ಒಂದು ವಿಷಯ ಮಾತ್ರ ಗಮನ ಇರಲಿ. ಭಾವ ಇನ್ಸುಲಿನ್ ತಗೊಳ್ಳುವವರು. ಅವರಿಗೆ ಸಕ್ಕರೆ ಇಳಿದು ಕೈ ನಡುಗಿ ಬೆವರು ಬಂದಾಗ ಬೇಕಾಗೋದು ಬೇಗ ರಕ್ತಕ್ಕೆ ಸೇರುವ ಇದೇ ಸಿಹಿನೀರು. ಆಗ ಹಣ್ಣು ಜಗಿಯುತ್ತಾ ಕೂರೋಕಾಗಲ್ಲ. ಹಾಗಾಗಿ ಅವರ ಬೈಕಿನ ಡಬ್ಬದಲ್ಲಿ ಒಂದು ಸಣ್ಣ ಜ್ಯೂಸ್ ಪೊಟ್ಟಣ ನಾನೇ ಇಟ್ಟಿದ್ದೇನೆ.

ಮೊನ್ನೆ ಆಲೆಮನೆಗೆ ಕರೆದಿದ್ದರು. ಹೋದ ವರ್ಷ ಅಲ್ಲಿ ಮೂರು ಲೋಟ ಕಬ್ಬಿನ ಹಾಲು ಕುಡಿದು, ಮನೆಗೆ ಬಂದು ಹೊಟ್ಟೆ ತುಂಬ ಉಂಡಿದ್ದೆ. ಎರಡು ಲೋಟಕ್ಕೆ ಹೆಚ್ಚುಕಮ್ಮಿ ಒಂದು ಇಡೀ ಕಬ್ಬು ಬೇಕು ಅಂತ ಗಾಣದ ಹತ್ತಿರ ನಿಂತು ಈ ಸಲ ನೋಡಿದೆ. ಒಂದು ಜಲ್ಲೆ ಇಸಿದುಕೊಂಡು ಕೂತು ಸಿಗಿದು ತಿಂದೆ. ಮೂರು ಗೆಣ್ಣು ಮುಗಿಸೋಕೆ ಇಪ್ಪತ್ತು ನಿಮಿಷ. ನಾಲ್ಕನೇದಕ್ಕೆ ದವಡೆ ಸೋತಿತು, ಉಳಿದದ್ದನ್ನು ಪಕ್ಕದಲ್ಲಿದ್ದ ಹುಡುಗನಿಗೆ ಕೊಟ್ಟೆ.